ಹಳೆಯ ಕಂಪ್ಯೂಟರ್, ಮನೆಯ ವೈಫೈ: ಕೈತಪ್ಪಿದ ಗೂಗಲ್ ಖಾತೆಯನ್ನು ವಾಪಸ್ ಪಡೆಯುವ ಸಮಗ್ರ ಮಾರ್ಗದರ್ಶಿ

ಪಾಸ್‌ವರ್ಡ್ ಮರೆತಿದೆ. ರಿಕವರಿಗೆ ಕೊಟ್ಟಿದ್ದ ನಂಬರ್ ಈಗ ಕೈಯಲ್ಲಿಲ್ಲ. ಹೊಸ ಫೋನ್ ತಂದು ಎಷ್ಟು ಸಲ ಪ್ರಯತ್ನಿಸಿದರೂ "Couldn't sign you in" ಅಂತಲೇ ಬರುತ್ತದೆ. ಈ ತೊಂದರೆ ಹೇಳಿಕೊಂಡು ನನ್ನ ಹತ್ತಿರ ಬಂದವರಲ್ಲಿ ಜಾಸ್ತಿ ಜನ ಮಾಡಿದ ತಪ್ಪು ಒಂದೇ. ಅವರ ಉತ್ತರಗಳು ಸರಿಯಾಗಿಯೇ ಇದ್ದವು. ಆದರೆ ಅವನ್ನು ಕೊಟ್ಟದ್ದು ಗೂಗಲ್‌ಗೆ ಪರಿಚಯವೇ ಇಲ್ಲದ ಫೋನಿನಿಂದ, ಪರಿಚಯವಿಲ್ಲದ ಊರಿನಿಂದ.

ಖಾತೆ ವಾಪಸ್ ಕೇಳುವವರಿಗೆ ಗೂಗಲ್ ತನ್ನ ಸಹಾಯ ಪುಟದಲ್ಲಿ ಮೂರು ಮಾತು ಹೇಳುತ್ತದೆ. ನೀವು ಮೊದಲಿನಿಂದ ಬಳಸುತ್ತಿದ್ದ ಫೋನ್ ಅಥವಾ ಕಂಪ್ಯೂಟರ್ ಬಳಸಿ. ಅದರಲ್ಲಿ ಯಾವಾಗಲೂ ಬಳಸುತ್ತಿದ್ದ ಬ್ರೌಸರನ್ನೇ ತೆರೆಯಿರಿ. ಸಾಮಾನ್ಯವಾಗಿ ಲಾಗಿನ್ ಆಗುತ್ತಿದ್ದ ಜಾಗದಲ್ಲಿ, ಅಂದರೆ ಮನೆಯಲ್ಲೋ ಕೆಲಸದ ಜಾಗದಲ್ಲೋ ಕೂತು ಮಾಡಿ. ಈ ಬರಹ ಆ ಮೂರು ಮಾತನ್ನು ಕೆಲಸಕ್ಕೆ ಇಳಿಸುವುದು ಹೇಗೆ ಅನ್ನುವುದರ ಬಗ್ಗೆ.

ಶಿವಮೊಗ್ಗದಲ್ಲಿರುವ ನನ್ನ ಸೋದರಮಾವನ ಖಾತೆಯನ್ನು ನಾವು ಹೀಗೇ ವಾಪಸ್ ಪಡೆದೆವು. ನೀರಿಗೆ ಬಿದ್ದು ಅವರ ಫೋನ್ ಕೆಟ್ಟಿತ್ತು. ಬೆಂಗಳೂರಿಗೆ ನಮ್ಮ ಮನೆಗೆ ಬಂದಿದ್ದಾಗ ಹೊಸ ಫೋನ್ ಕೊಂಡರು. ಹಳೆಯ ಪಾಸ್‌ವರ್ಡ್ ನೆನಪಿಲ್ಲ, ರಿಕವರಿ ನಂಬರ್ ಯಾವಾಗಲೋ ರದ್ದಾಗಿತ್ತು. ನಮ್ಮ ಮನೆಯಲ್ಲಿ ಕೂತು ಆರೇಳು ಸಲ ಪ್ರಯತ್ನಿಸಿ ಸೋತಿದ್ದರು. ಅವರ ಕೆಲಸ ಹೇಗೆ ಆಯಿತು ಅನ್ನುವುದನ್ನು ಆಯಾ ಹಂತದಲ್ಲೇ ಹೇಳುತ್ತಾ ಹೋಗುತ್ತೇನೆ.

## ಶುರು ಮಾಡುವ ಮೊದಲು ಕೈಗೆ ಸಿಗಬೇಕಾದವು

ಹಳೆಯ ಫೋನ್, ಟ್ಯಾಬ್, ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್, ಯಾವುದರಲ್ಲಿ ಆ ಖಾತೆಯನ್ನು ತೆರೆದಿದ್ದಿರೋ ಅದು. ಅದರ ಚಾರ್ಜರ್. ಅದರ ಪಿನ್, ಪ್ಯಾಟರ್ನ್ ಅಥವಾ ವಿಂಡೋಸ್ ಪಾಸ್‌ವರ್ಡ್. ಮನೆಯ ಬ್ರಾಡ್‌ಬ್ಯಾಂಡ್. ಒಂದು ಹಾಳೆ, ಒಂದು ಪೆನ್. ಜೊತೆಗೆ ಮನೆಯವರ ಫೋನ್ ನಂಬರ್‌ಗಳು, ಯಾಕೆಂದರೆ ಕೋಡ್ ಯಾರ ಮೇಲ್‌ಗೆ ಬರುತ್ತದೆ ಅಂತ ಮೊದಲೇ ಹೇಳೋಕಾಗಲ್ಲ.

## ಹಂತ 1: ಮೊದಲು ನಿಲ್ಲಿಸಿ

ಹೊಸ ಫೋನಿನಿಂದ ಮಾಡುತ್ತಿರುವ ಪ್ರಯತ್ನವನ್ನು ಈಗಲೇ ನಿಲ್ಲಿಸಿ. ತುಂಬಾ ಸಲ ತಪ್ಪಾದ ಮೇಲೆ "Too many failed attempts" ಅಂತ ಬರುತ್ತದೆ, ಕೆಲವು ಗಂಟೆ ಬಿಟ್ಟು ಬನ್ನಿ ಅನ್ನುತ್ತದೆ. ಅದು ಬಂದ ಮೇಲೂ ಒತ್ತುತ್ತಾ ಕೂತರೆ, ಹಳೆಯ ಕಂಪ್ಯೂಟರ್ ಸಿಕ್ಕಾಗಲೂ ಅದೇ ಗೋಡೆ ಎದುರಾಗಬಹುದು. ನಾನು ಒಂದು ಪೂರ್ತಿ ದಿನ ಬಿಡಲು ಹೇಳುತ್ತೇನೆ. ಮಾವನ ವಿಷಯದಲ್ಲಿ ಎರಡು ದಿನ ಬಿಟ್ಟೆವು, ಹೇಗೂ ಅವರು ಊರಿಗೆ ಹೋಗಬೇಕಿತ್ತು.

ಈ ನಡುವೆ ಒಂದು ಕೆಲಸ ಮಾಡಬಹುದು. ರಿಕವರಿ ನಂಬರ್ ಇನ್ನೂ ನಿಮ್ಮ ಹೆಸರಿನಲ್ಲೇ ಇದ್ದು ಸಿಮ್ ಮಾತ್ರ ಕಳೆದಿದ್ದರೆ, ನಿಮ್ಮ ಮೊಬೈಲ್ ಕಂಪನಿಯ ಅಂಗಡಿಗೆ ಗುರುತಿನ ಚೀಟಿ ತೆಗೆದುಕೊಂಡು ಹೋಗಿ ಡೂಪ್ಲಿಕೇಟ್ ಸಿಮ್ ತನ್ನಿ. ಸಿಮ್ ಬದಲಾಯಿಸಿದ ಮೇಲೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಹೋಗುವುದೂ ಇಲ್ಲ. ಮೋಸ ತಡೆಯಲು ದೂರಸಂಪರ್ಕ ಇಲಾಖೆ ಮಾಡಿರುವ ನಿಯಮ ಇದು. ಇದು ಗೊತ್ತಿಲ್ಲದೆ ಸಿಮ್ ತಂದ ದಿನವೇ "ಒಟಿಪಿ ಬರ್ತಿಲ್ಲ" ಅಂತ ಹತ್ತು ಸಲ ಕೋಡ್ ಕೇಳಿ ಖಾತೆಯನ್ನು ಇನ್ನಷ್ಟು ಬಿಗಿ ಮಾಡಿಕೊಂಡವರಿದ್ದಾರೆ.

ನಂಬರ್ ರದ್ದಾಗಿ ತಿಂಗಳುಗಳೇ ಆಗಿದ್ದರೆ ಅದರ ಆಸೆ ಬಿಡಿ. ಪ್ರೀಪೇಯ್ಡ್ ನಂಬರ್ 90 ದಿನ ಬಳಸದಿದ್ದರೆ ರದ್ದಾಗಬಹುದು. ರದ್ದಾಗಿ ಇನ್ನೊಂದು 90 ದಿನ ಕಳೆದ ಮೇಲೆ ಅದೇ ನಂಬರ್ ಬೇರೆಯವರ ಕೈಗೆ ಹೋಗಬಹುದು. ಹಾಗಾಗಿ ಆ ನಂಬರ್‌ಗೆ ಕೋಡ್ ಕಳಿಸಬೇಡಿ, ಅದು ಯಾರೋ ಅಪರಿಚಿತರಿಗೆ ಹೋಗುತ್ತದೆ.

## ಹಂತ 2: ಬಾಗಿಲು ಎಲ್ಲಾದರೂ ತೆರೆದೇ ಇದೆಯಾ ನೋಡಿ

ರಿಕವರಿ ಪುಟಕ್ಕೆ ಹೋಗುವ ಮೊದಲು ಮನೆಯಲ್ಲಿರುವ ಎಲ್ಲ ಹಳೆಯ ಸಾಧನಗಳನ್ನೂ ಒಂದು ಸುತ್ತು ನೋಡಿ. ಎಲ್ಲೋ ಒಂದು ಕಡೆ ಖಾತೆ ಇನ್ನೂ ಲಾಗಿನ್ ಆಗಿಯೇ ಇರಬಹುದು. ಮಕ್ಕಳು ಆಡುವ ಟ್ಯಾಬ್, ಒಡೆದ ಪರದೆಯ ಹಳೆಯ ಫೋನ್, ಅಣ್ಣನ ಲ್ಯಾಪ್‌ಟಾಪ್, ಯಾವುದನ್ನೂ ಬಿಡಬೇಡಿ. ಆಂಡ್ರಾಯ್ಡ್ ಆದರೆ `Settings` ತೆರೆದು `Google` ಒತ್ತಿ, ಮೇಲೆ ಯಾವ ಇಮೇಲ್ ಕಾಣುತ್ತದೆ ನೋಡಿ. ನಿಮ್ಮದೇ ಇದ್ದರೆ ಅರ್ಧ ಕೆಲಸ ಮುಗಿಯಿತು.

ಹೀಗೆ ಲಾಗಿನ್ ಆಗಿರುವ ಫೋನ್ ಸಿಕ್ಕರೆ ಅದನ್ನು ವೈಫೈಗೆ ಹಾಕಿ, ಅನ್‌ಲಾಕ್ ಮಾಡಿ ಪಕ್ಕದಲ್ಲಿಡಿ. ರಿಕವರಿ ಮಾಡುವಾಗ ಗೂಗಲ್ ಅದೇ ಫೋನಿಗೆ ಒಂದು ಪ್ರಶ್ನೆ ಕಳಿಸಬಹುದು: ನೀವೇನಾ ಲಾಗಿನ್ ಆಗ್ತಿರೋದು ಅಂತ. `Yes` ಒತ್ತಿ, ಕಂಪ್ಯೂಟರಿನ ಪರದೆಯಲ್ಲಿ ಕಾಣುವ ಅಂಕಿಯನ್ನೇ ಫೋನಿನಲ್ಲಿ ಆರಿಸಿದರೆ ಆಯಿತು. ಕೆಲವೊಮ್ಮೆ ಫೋನಿನ ಪಿನ್ ಅಥವಾ ಬೆರಳಚ್ಚು ಕೇಳುತ್ತದೆ. ಅದಕ್ಕೇ ಮೊದಲೇ ಪಿನ್ ಗೊತ್ತಿರಬೇಕು ಅಂದಿದ್ದು. ಗೂಗಲ್ ಸೆಕ್ಯುರಿಟಿ ಕೋಡ್ ಕೇಳಿದರೆ, ಲಾಗಿನ್ ಆಗಿರುವ ಆ ಫೋನಿನಲ್ಲೇ `g.co/sc` ತೆರೆದು ಕೋಡ್ ಪಡೆಯಬಹುದು.

ಲಾಗಿನ್ ಆಗಿರುವ ಸಾಧನ ಸಿಗದಿದ್ದರೆ, ಉಳಿಸಿದ ಪಾಸ್‌ವರ್ಡ್ ಹುಡುಕಿ. ಎಷ್ಟೋ ಜನರಿಗೆ ತಮ್ಮ ಪಾಸ್‌ವರ್ಡ್ ತಮ್ಮ ಕಂಪ್ಯೂಟರಿನಲ್ಲೇ ಕೂತಿದೆ ಅನ್ನುವುದು ಗೊತ್ತಿರುವುದಿಲ್ಲ. ಕ್ರೋಮ್ ಆದರೆ ಅಡ್ರೆಸ್ ಪಟ್ಟಿಯಲ್ಲಿ ಇದನ್ನು ಟೈಪ್ ಮಾಡಿ:

```
chrome://password-manager/passwords
```

ಫೈರ್‌ಫಾಕ್ಸ್ ಆದರೆ ಇದು:

```
about:logins
```

ಹುಡುಕುವ ಜಾಗದಲ್ಲಿ google ಅಂತ ಹಾಕಿ. ಕಣ್ಣಿನ ಚಿತ್ರ ಒತ್ತಿದರೆ ಪಾಸ್‌ವರ್ಡ್ ಕಾಣುತ್ತದೆ, ಅದಕ್ಕೂ ಮೊದಲು ವಿಂಡೋಸ್‌ನ ಪಿನ್ ಅಥವಾ ಪಾಸ್‌ವರ್ಡ್ ಕೇಳಬಹುದು. ಸಿಕ್ಕ ಪಾಸ್‌ವರ್ಡನ್ನು ಅಕ್ಷರ ಅಕ್ಷರವಾಗಿ ಹಾಳೆಯ ಮೇಲೆ ಬರೆದುಕೊಳ್ಳಿ. ದೊಡ್ಡಕ್ಷರ ಯಾವುದು, ಚಿಕ್ಕಕ್ಷರ ಯಾವುದು ಅನ್ನುವುದನ್ನು ಗುರುತು ಮಾಡಿ. ಅದು ಈಗಿನ ಪಾಸ್‌ವರ್ಡ್ ಆಗಿರದೆ ಹಳೆಯದೇ ಆಗಿದ್ದರೂ ಎಸೆಯಬೇಡಿ. ಮುಂದೆ ಅದಕ್ಕೆ ಕೆಲಸವಿದೆ.

ಮಾವನ ಡೆಸ್ಕ್‌ಟಾಪಿನಲ್ಲಿ ಸಿಕ್ಕಿದ್ದು ಇಂಥದ್ದೇ ಒಂದು ಹಳೆಯ ಪಾಸ್‌ವರ್ಡ್. ಹಾಕಿ ನೋಡಿದರೆ ಹಿಡಿಯಲಿಲ್ಲ. ಅದನ್ನು ನೋಡಿದ ಮೇಲೆ ಮಾವನಿಗೆ ನೆನಪಾಯಿತು, ಆಮೇಲೆ ಒಂದು ಸಲ ಬದಲಾಯಿಸಿದ್ದರಂತೆ.

## ಹಂತ 3: ಹಳೆಯ ಸಾಧನವನ್ನು ಕೆಡಿಸದೆ ಎಬ್ಬಿಸಿ

ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಜನ ಗೆಲ್ಲುವ ಆಟವನ್ನು ಇಲ್ಲೇ ಕಳೆದುಕೊಳ್ಳುತ್ತಾರೆ.

ನೀವು ಒಂದು ಬ್ರೌಸರಿನಲ್ಲಿ ಲಾಗಿನ್ ಆದಾಗ ಗೂಗಲ್ ಅದರೊಳಗೆ ಕುಕೀ ಅನ್ನುವ ಸಣ್ಣ ಚೀಟಿಗಳನ್ನು ಇಟ್ಟು ಹೋಗುತ್ತದೆ. ಮುಂದಿನ ಸಲ ಅದೇ ಬ್ರೌಸರ್ ತೆರೆದಾಗ ಆ ಚೀಟಿ ನೋಡಿ, ಇದು ಮೊದಲೂ ಬಂದಿದ್ದ ಯಂತ್ರ ಅಂತ ಗುರುತು ಹಿಡಿಯಬಹುದು. ಆ ಚೀಟಿ ಇರುವುದು ಆ ಒಂದು ಬ್ರೌಸರಿನ, ಅದರಲ್ಲಿ ಒಬ್ಬೊಬ್ಬರು ಬೇರೆ ಬೇರೆಯಾಗಿ ಮಾಡಿಕೊಳ್ಳುವ ಪ್ರೊಫೈಲ್‌ಗಳಲ್ಲಿ ಆ ಒಂದು ಪ್ರೊಫೈಲಿನ ಒಳಗೆ ಮಾತ್ರ. ಕಂಪ್ಯೂಟರ್ ಅದೇ ಆದರೂ ಕ್ರೋಮ್ ಬದಲು ಎಡ್ಜ್ ತೆರೆದರೆ ಚೀಟಿ ಇಲ್ಲ. ಇನ್‌ಕಾಗ್ನಿಟೋ ಕಿಟಕಿ ತೆರೆದರೂ ಇಲ್ಲ.

ಹಾಗಾಗಿ ಹಳೆಯ ಯಂತ್ರ ಆನ್ ಮಾಡಿದ ತಕ್ಷಣ ಇವುಗಳನ್ನು ಮಾಡಲೇಬೇಡಿ. ನಿಧಾನ ಇದೆ ಅಂತ ಕ್ಲೀನರ್ ಓಡಿಸಬೇಡಿ, ಬ್ರೌಸರಿನ ಹಿಸ್ಟರಿ ಅಳಿಸಬೇಡಿ. ಕ್ರೋಮ್ ತೆಗೆದು ಮತ್ತೆ ಹಾಕಬೇಡಿ. ರಿಪೇರಿ ಅಂಗಡಿಗೆ ಕೊಟ್ಟರೆ "ಫಾರ್ಮ್ಯಾಟ್ ಮಾಡಬೇಡಿ" ಅಂತ ಬಾಯಲ್ಲೂ ಹೇಳಿ, ಚೀಟಿಯಲ್ಲೂ ಬರೆಸಿ. ಫೋನ್ ಆದರೆ ಯಾವ ಕಾರಣಕ್ಕೂ ಫ್ಯಾಕ್ಟರಿ ರೀಸೆಟ್ ಒತ್ತಬೇಡಿ. ರೀಸೆಟ್ ಮಾಡಿದರೆ ಎರಡು ನಷ್ಟ. ಗುರುತು ಅಳಿಯುತ್ತದೆ. ಅದರ ಮೇಲೆ, ಫೋನ್ ಮತ್ತೆ ಶುರುವಾಗುವಾಗ ಅದರಲ್ಲಿ ಮೊದಲಿದ್ದ ಗೂಗಲ್ ಖಾತೆಯ ಪಾಸ್‌ವರ್ಡನ್ನೇ ಕೇಳಬಹುದು. ಕಳ್ಳರನ್ನು ತಡೆಯಲು ಮಾಡಿದ ಬೀಗ ಅದು, ನಿಮ್ಮನ್ನೂ ಹೊರಗೆ ನಿಲ್ಲಿಸುತ್ತದೆ.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಕಂಪ್ಯೂಟರಿಗೆ ಇನ್ನೊಂದು ಕಾಯಿಲೆ ಇರುತ್ತದೆ. ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತು ತಾರೀಖು ಹಿಂದಕ್ಕೆ ಹೋಗಿರುತ್ತದೆ. ಆಗ ಯಾವ ಸೈಟೂ ತೆರೆಯುವುದಿಲ್ಲ, ಕ್ರೋಮ್ "Your clock is behind" ಅಂತಲೋ `NET::ERR_CERT_DATE_INVALID` ಅಂತಲೋ ತೋರಿಸುತ್ತದೆ. ಮಾವ ಇದನ್ನು ನೋಡಿ ಕಂಪ್ಯೂಟರ್ ಕೆಟ್ಟಿದೆ ಅಂದುಕೊಂಡರು. ಫೋನಿನಲ್ಲಿ ವಿಷಯ ಕೇಳಿ, ಕೆಳಗೆ ಬಲಮೂಲೆಯ ಗಡಿಯಾರದ ಮೇಲೆ ರೈಟ್ ಕ್ಲಿಕ್ ಮಾಡಿ ತಾರೀಖು, ವೇಳೆ, ಭಾರತದ ಟೈಮ್ ಝೋನ್ ಮೂರನ್ನೂ ಸರಿ ಮಾಡಿಸಿದೆ. ಎರಡು ನಿಮಿಷದಲ್ಲಿ ಸೈಟ್‌ಗಳು ತೆರೆದವು.

ಬ್ರೌಸರ್ ತೀರಾ ಹಳೆಯದಾಗಿದ್ದು "This browser or app may not be secure" ಅಂತ ಬಂದರೆ ಮಾತ್ರ ಅದನ್ನು ಅಪ್‌ಡೇಟ್ ಮಾಡಿ. ಅಪ್‌ಡೇಟ್ ಮಾಡಿದರೆ ಕುಕೀ ಹೋಗುವುದಿಲ್ಲ, ತೆಗೆದು ಹೊಸದಾಗಿ ಹಾಕುವಾಗ ಹೋಗುವ ಅಪಾಯವಿದೆ. ವಿಂಡೋಸ್ 7 ಮತ್ತು 8.1ಕ್ಕೆ ಕ್ರೋಮ್ 109ನೇ ಆವೃತ್ತಿಯೇ ಕೊನೆಯದು, ಅದರಿಂದ ಮುಂದಕ್ಕೆ ಹೋಗುವುದಿಲ್ಲ.

### ಗುರುತು ಉಳಿದಿದೆ ಅಂತ ತಿಳಿಯುವುದು ಹೇಗೆ

ಬ್ರೌಸರಿನಲ್ಲಿ `accounts.google.com` ತೆರೆಯಿರಿ. ನಿಮ್ಮ ಇಮೇಲ್ ವಿಳಾಸ ತಾನಾಗಿಯೇ ಪಟ್ಟಿಯಲ್ಲಿ ಕಂಡು, ಪಕ್ಕದಲ್ಲಿ "Signed out" ಅಂತ ಇದ್ದರೆ ಅದು ತುಂಬಾ ಒಳ್ಳೆಯ ಸೂಚನೆ. ಈ ಬ್ರೌಸರಿಗೆ ನೀವು ಗೊತ್ತು. ಪಟ್ಟಿ ಖಾಲಿ ಇದ್ದು ಇಮೇಲ್ ಟೈಪ್ ಮಾಡಿ ಅಂತ ಕೇಳಿದರೆ, ಬೇರೆ ಪ್ರೊಫೈಲ್ ಇದೆಯಾ ನೋಡಿ. ಕ್ರೋಮ್‌ನ ಮೇಲ್ಗಡೆ ಬಲಕ್ಕಿರುವ ಗುಂಡಗಿನ ಚಿತ್ರ ಒತ್ತಿದರೆ ಪ್ರೊಫೈಲ್‌ಗಳ ಹೆಸರು ಕಾಣುತ್ತವೆ. ಮಾವನ ಕಂಪ್ಯೂಟರಿನಲ್ಲಿ ಮೊದಲು ತೆರೆದುಕೊಂಡಿದ್ದು ಅವರ ಮಗಳು ಕಾಲೇಜಿನಲ್ಲಿದ್ದಾಗ ಮಾಡಿಕೊಂಡ ಪ್ರೊಫೈಲ್. ಎರಡನೆಯದಕ್ಕೆ ಹೋದಾಗಲೇ ಮಾವನ ವಿಳಾಸ ಕಂಡದ್ದು.

ಒಂದು ಮಿತಿ ಇದೆ. ಈಗಿನ ಕ್ರೋಮ್ ಯಾವ ಕುಕೀಯನ್ನೂ 400 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವುದಿಲ್ಲ. ಕಂಪ್ಯೂಟರ್ ಅದಕ್ಕಿಂತ ಹೆಚ್ಚು ಕಾಲ ಮುಚ್ಚಿಟ್ಟಿದ್ದರೆ ಚೀಟಿಯ ಅವಧಿ ಮುಗಿದಿರಬಹುದು. ಆದರೂ ಉಳಿಸಿದ ಪಾಸ್‌ವರ್ಡ್‌ಗಳಿಗೆ ಆ ಅವಧಿ ಇಲ್ಲ, ಅವು ಹಾಗೇ ಇರುತ್ತವೆ. ಇದರ ಜೊತೆ ಇನ್ನೊಂದು ನೆನಪಿಡಿ. ಎರಡು ವರ್ಷ ಯಾರೂ ಬಳಸದ ಖಾಸಗಿ ಖಾತೆಯನ್ನು ಗೂಗಲ್ ಅಳಿಸಬಹುದು, 2023ರ ಡಿಸೆಂಬರ್‌ನಿಂದ ಈ ನಿಯಮ ಜಾರಿಯಲ್ಲಿದೆ. "Couldn't find your Google Account" ಅಂತ ಬಂದರೆ ಮೊದಲು ಇಮೇಲ್‌ನ ಸ್ಪೆಲಿಂಗ್ ನೋಡಿ. ಅದು ಸರಿಯಿದ್ದರೆ ಖಾತೆ ಅಳಿದಿರುವ ಸಾಧ್ಯತೆಯೇ ಹೆಚ್ಚು.

## ಹಂತ 4: ಮನೆಯ ನೆಟ್‌ವರ್ಕ್‌ಗೆ ಬನ್ನಿ

ಸಾಧನ ಸಿದ್ಧವಾದ ಮೇಲೆ ಅದನ್ನು ಮನೆಯ ವೈಫೈಗೆ ಸೇರಿಸಿ. ಸುಮ್ನೆ ಇಂಟರ್ನೆಟ್ ಬಂದರೆ ಸಾಲದು, ಯಾವ ದಾರಿಯಿಂದ ಬರುತ್ತಿದೆ ಅನ್ನುವುದು ಇಲ್ಲಿ ಮುಖ್ಯ.

ಮೊಬೈಲ್ ಹಾಟ್‌ಸ್ಪಾಟ್ ಬಳಸಬೇಡಿ. ಮೊಬೈಲ್ ಡೇಟಾ ಬಳಸಿದಾಗ ನೀವು ಶಿವಮೊಗ್ಗದಲ್ಲಿ ಕೂತಿದ್ದರೂ ಸೈಟ್‌ಗಳಿಗೆ ನಿಮ್ಮ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ಗುರುತಿನ ನಂಬರ್, ಬೆಂಗಳೂರಿನದೋ ಚೆನ್ನೈನದೋ ಅಂತ ಕಾಣಬಹುದು. ಅಂಥ ಒಂದೇ ವಿಳಾಸದ ಹಿಂದೆ ಸಾವಿರಾರು ಜನ ಇರುತ್ತಾರೆ. ಮನೆಯ ಬ್ರಾಡ್‌ಬ್ಯಾಂಡ್ ಹಾಗಲ್ಲ, ನೀವು ತಿಂಗಳುಗಟ್ಟಲೆ ಅದೇ ಕಂಪನಿಯ ಅದೇ ಊರಿನ ಸಂಪರ್ಕದಿಂದ ಮೇಲ್ ನೋಡಿರುತ್ತೀರಿ.

ನಿಮ್ಮ ಸಂಪರ್ಕವನ್ನು ಬೇರೆ ಜಾಗದ ಸರ್ವರ್ ಮೂಲಕ ತಿರುಗಿಸುವ ವಿಪಿಎನ್ ಇದ್ದರೆ ಆಫ್ ಮಾಡಿ. ಆಂಟಿವೈರಸ್ ಜೊತೆ ಬಂದ ವಿಪಿಎನ್ ತಾನಾಗಿಯೇ ಶುರುವಾಗುವುದೂ ಉಂಟು, ಗಡಿಯಾರದ ಪಕ್ಕದ ಸಣ್ಣ ಚಿತ್ರಗಳಲ್ಲಿ ಒಮ್ಮೆ ನೋಡಿ. ಐಫೋನ್ ಆದರೆ ಐಕ್ಲೌಡ್‌ನ ಪ್ರೈವೇಟ್ ರಿಲೇಯನ್ನೂ ಸ್ವಲ್ಪ ಹೊತ್ತು ಆಫ್ ಮಾಡಿ.

ರೌಟರ್ ಆಫ್ ಮಾಡಿ ಆನ್ ಮಾಡಿದರೆ ಐಪಿ ಬದಲಾಗುತ್ತಲ್ಲ ಅಂತ ಕೆಲವರು ಹೆದರುತ್ತಾರೆ. ಬದಲಾದರೂ ಸಾಮಾನ್ಯವಾಗಿ ಅದೇ ಕಂಪನಿಯ, ಅದೇ ಊರಿನ ವಿಳಾಸವೇ ಸಿಗುತ್ತದೆ. ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಬ್ರಾಡ್‌ಬ್ಯಾಂಡ್ ಕಂಪನಿಯನ್ನೇ ಬದಲಾಯಿಸಿದ್ದರೆ, ಅಥವಾ ಮನೆಯೇ ಬದಲಾಗಿದ್ದರೆ ಯೋಚಿಸಬೇಕು. ಆಗ ನೀವು ಮೇಲ್ ತೆರೆಯುತ್ತಿದ್ದ ಇನ್ನೊಂದು ಜಾಗ, ಅಂದರೆ ಆಫೀಸೋ ಅಪ್ಪನ ಮನೆಯೋ, ಅಲ್ಲಿಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗುವುದು ಒಳ್ಳೆಯದು.

### ಮಕ್ಕಳು ದೂರದ ಊರಿನಲ್ಲಿದ್ದರೆ

ಇದು ನಮ್ಮ ಮನೆಗಳಲ್ಲಿ ತುಂಬಾ ಆಗುತ್ತದೆ. ಅಮ್ಮನ ಖಾತೆ ಹಾಸನದಲ್ಲಿ ಲಾಕ್ ಆಗುತ್ತದೆ, ಮಗ ಡಲ್ಲಾಸ್‌ನಿಂದಲೋ ದುಬೈನಿಂದಲೋ ತನ್ನ ಲ್ಯಾಪ್‌ಟಾಪಿನಲ್ಲಿ ರಿಕವರಿಗೆ ಕೂರುತ್ತಾನೆ. ಅವನು ಕೊಡುವ ಉತ್ತರ ಎಲ್ಲವೂ ಸರಿ. ಆದರೆ ಗೂಗಲ್ ಕಡೆಯಿಂದ ನೋಡಿದರೆ, ಯಾವತ್ತೂ ಬಾರದ ಯಂತ್ರವೊಂದು ಯಾವತ್ತೂ ಬಾರದ ದೇಶದಿಂದ ಅಮ್ಮನ ಖಾತೆ ಕೇಳುತ್ತಿದೆ. ಕಳ್ಳರು ಬರುವುದೂ ಹೀಗೇ ಅಲ್ವಾ.

ಮಗ ಮಾಡಬೇಕಾದ್ದು ಇಷ್ಟೇ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಅವರ ಮನೆಯ ಸಾಧನದಲ್ಲಿ ಅವರ ಕೈಯಿಂದಲೇ ಒತ್ತಿಸಬೇಕು. ಕಾಲ್‌ಗೆ ಪಕ್ಕದ ಮನೆಯವರ ಫೋನ್ ಆದರೂ ಸರಿ. ನಿಧಾನ ಆಗುತ್ತದೆ, ತಾಳ್ಮೆ ಬೇಕು. ಭಾರತದ ವಿಪಿಎನ್ ಹಾಕಿಕೊಂಡು ಡಲ್ಲಾಸ್‌ನಿಂದಲೇ ಮಾಡುತ್ತೇನೆ ಅನ್ನುವುದು ಕೆಲಸಕ್ಕೆ ಬಾರದ ಉಪಾಯ. ವಿಪಿಎನ್‌ನ ವಿಳಾಸ ಅಮ್ಮನ ಮನೆಯ ವಿಳಾಸ ಆಗುವುದಿಲ್ಲ.

## ಹಂತ 5: ಹಾಳೆಯ ಮೇಲೆ ಬರೆದುಕೊಳ್ಳಿ

ಪುಟ ತೆರೆದ ಮೇಲೆ ಯೋಚಿಸಲು ಕೂತರೆ ಗಡಿಬಿಡಿಯಾಗುತ್ತದೆ. ಮೊದಲೇ ಬರೆದಿಡಿ. ನೆನಪಿರುವ ಪಾಸ್‌ವರ್ಡ್‌ಗಳು, ಅವುಗಳಲ್ಲಿ ಇತ್ತೀಚಿನದು ಮೇಲೆ. ರಿಕವರಿಗೆ ಕೊಟ್ಟಿರಬಹುದಾದ ಎಲ್ಲ ಇಮೇಲ್‌ಗಳು, ಮಕ್ಕಳದ್ದು, ತಮ್ಮನದ್ದು, ಹಳೆಯ ಆಫೀಸಿನದ್ದು. ರಿಕವರಿ ನಂಬರಿನ ಕೊನೆಯ ಎರಡು ಅಂಕಿ. ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತು ಕೇಳುವ ಎರಡು ಹಂತದ ಭದ್ರತೆ ಹಾಕಿದ್ದರೆ ಎಲ್ಲೋ ಬರೆದಿಟ್ಟ ಎಂಟು ಅಂಕಿಯ ಬ್ಯಾಕಪ್ ಕೋಡ್‌ಗಳಿದ್ದಾವಾ ಅಂತ ಹಳೆಯ ಡೈರಿಯಲ್ಲಿ ಹುಡುಕಿ.

ರಿಕವರಿ ಇಮೇಲ್ ಯಾರದ್ದು ಅಂತ ನೆನಪಿಲ್ಲದಿದ್ದರೆ ಮನೆಯವರಿಗೆಲ್ಲ ಒಂದು ಮಾತು ಹೇಳಿ: ಇವತ್ತು ಸಂಜೆ ನಿಮ್ಮ ಮೇಲ್‌ಗೆ ಗೂಗಲ್‌ನಿಂದ ಆರಂಕಿಯ ಕೋಡ್ ಬಂದರೆ ನನಗೆ ಫೋನ್ ಮಾಡಿ, ಸ್ಪ್ಯಾಮ್ ಕೂಡ ನೋಡಿ.

## ಹಂತ 6: ರಿಕವರಿ, ಪರದೆ ಪರದೆಯಾಗಿ

ಅದೇ ಬ್ರೌಸರಿನ ಅದೇ ಪ್ರೊಫೈಲಿನಲ್ಲಿ ಇದನ್ನು ತೆರೆಯಿರಿ:

```
g.co/recover
```

ಸರ್ಚ್‌ನಲ್ಲಿ ಹುಡುಕಿ ಹೋಗಬೇಡಿ, ನಕಲಿ ಸಹಾಯವಾಣಿಗಳ ಜಾಹೀರಾತು ಅಲ್ಲೇ ಬರುವುದು. ತೆರೆದ ಪುಟದ ವಿಳಾಸ `accounts.google.com` ಅಂತಲೇ ಇರಬೇಕು.

ಇಮೇಲ್ ಹಾಕಿದ ಮೇಲೆ ನೆನಪಿರುವ ಕೊನೆಯ ಪಾಸ್‌ವರ್ಡ್ ಕೇಳಬಹುದು. ಈಗಿನದು ಗೊತ್ತಿಲ್ಲದಿದ್ದರೆ ಅದರ ಹಿಂದಿನದನ್ನು ಹಾಕಿ. ಇತ್ತೀಚಿನದಾದಷ್ಟೂ ಒಳ್ಳೆಯದು. ಉತ್ತರ ತಪ್ಪಾದರೆ ಗೂಗಲ್ ನಿಮ್ಮನ್ನು ಅಲ್ಲಿಗೇ ಹೊರಹಾಕುವುದಿಲ್ಲ ಅಂತ ಅದರ ಸಹಾಯ ಪುಟವೇ ಹೇಳುತ್ತದೆ, ಹಾಗಾಗಿ ಗೊತ್ತಿಲ್ಲ ಅಂತ ಪ್ರಶ್ನೆ ಬಿಡುವುದಕ್ಕಿಂತ ನಿಮಗೆ ಸರಿ ಅನಿಸುವ ಉತ್ತರ ಕೊಡಿ. ಇಲ್ಲೇ ಹಂತ 2ರಲ್ಲಿ ಬರೆದಿಟ್ಟ ಹಳೆಯ ಪಾಸ್‌ವರ್ಡ್ ಕೆಲಸಕ್ಕೆ ಬರುವುದು.

ಆಮೇಲೆ ಫೋನಿಗೆ ಕೋಡ್ ಕಳಿಸಲಾ ಅಂತ ಕೇಳುತ್ತದೆ. ಆ ನಂಬರ್ ಕೈಯಲ್ಲಿಲ್ಲದಿದ್ದರೆ ಕಳಿಸು ಅನ್ನಬೇಡಿ. ಕೆಳಗೆ `Try another way` ಅಂತ ಇರುತ್ತದೆ, ಅದನ್ನು ಒತ್ತಿ. ಪ್ರತಿ ಸಲ ಒತ್ತಿದಾಗ ಇನ್ನೊಂದು ದಾರಿ ತೋರಿಸಬಹುದು: ಲಾಗಿನ್ ಆಗಿರುವ ಫೋನಿಗೆ ಪ್ರಶ್ನೆ, ರಿಕವರಿ ಇಮೇಲ್‌ಗೆ ಕೋಡ್, ಬ್ಯಾಕಪ್ ಕೋಡ್. ಎಲ್ಲ ದಾರಿಯೂ ಎಲ್ಲರಿಗೂ ಕಾಣುವುದಿಲ್ಲ. ಹೊಸ ಫೋನಿನಲ್ಲಿ ಕಾಣದಿದ್ದ ದಾರಿ ಹಳೆಯ ಕಂಪ್ಯೂಟರಿನಲ್ಲಿ ಕಾಣಿಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ.

ಮಾವನ ಮೊದಲ ಪ್ರಯತ್ನ ಇಲ್ಲೂ ಸೋತಿತು. ಅವತ್ತು ಊರಲ್ಲಿ ಕರೆಂಟ್ ಹೋಗಿ ಬಂದು ರೌಟರ್ ಸರಿಯಾಗಿ ಶುರುವಾಗಿರಲಿಲ್ಲ. ಅವರು ಅತ್ತೆಯ ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ಕೂತಿದ್ದರು, ಪ್ರೊಫೈಲೂ ಮಗಳದ್ದೇ ಆಗಿತ್ತು. "You didn't provide enough info" ಅಂತ ಬಂತು. ಅಲ್ಲಿಗೇ ನಿಲ್ಲಿಸಲು ಹೇಳಿದೆ. ಮರುದಿನ ಬೆಳಿಗ್ಗೆ ಮನೆಯ ಬ್ರಾಡ್‌ಬ್ಯಾಂಡ್ ಹಾಕಿ, ಮಾವನದೇ ಪ್ರೊಫೈಲ್ ತೆರೆದು, ಹಳೆಯ ಪಾಸ್‌ವರ್ಡ್ ಹಾಕಿದರು. ಫೋನ್ ಕೋಡ್ ಬೇಡ ಅಂದ ಮೇಲೆ ಒಂದು ರಿಕವರಿ ಇಮೇಲ್‌ನ ಮೊದಲ ಅಕ್ಷರಗಳು ಕಂಡವು. ಅದು ಮೈಸೂರಿನಲ್ಲಿರುವ ಮಗಳದ್ದು. ತನ್ನ ವಿಳಾಸವನ್ನು ಅಪ್ಪ ಕೊಟ್ಟಿದ್ದಾರೆ ಅಂತ ಅವಳಿಗೇ ಗೊತ್ತಿರಲಿಲ್ಲ. ಅವಳು ಫೋನಿನಲ್ಲಿ ಆರು ಅಂಕಿ ಓದಿದಳು, ಮಾವ ಒತ್ತಿದರು, ಹೊಸ ಪಾಸ್‌ವರ್ಡ್ ಇಡುವ ಪುಟ ತೆರೆಯಿತು.

ಎರಡು ದಿನಗಳ ನಡುವೆ ನೆಟ್‌ವರ್ಕ್ ಮತ್ತು ಪ್ರೊಫೈಲ್ ಎರಡೂ ಬದಲಾಗಿದ್ದವು. ಹಾಗಾಗಿ ಯಾವುದರಿಂದ ಕೆಲಸವಾಯಿತು ಅಂತ ಬೇರೆ ಮಾಡಿ ಹೇಳಲು ಬರುವುದಿಲ್ಲ. ಯಾವುದಕ್ಕೆ ಎಷ್ಟು ತೂಕ ಅನ್ನುವುದನ್ನು ಗೂಗಲ್ ಹೊರಗೆ ಹೇಳುವುದಿಲ್ಲ. ಎರಡನ್ನೂ ಒಟ್ಟಿಗೇ ಸರಿ ಮಾಡಿಕೊಂಡು ಕೂರುವುದೇ ಬುದ್ಧಿವಂತಿಕೆ.

## ಹಂತ 7: ಕಾಯಿರಿ ಅಂದರೆ ಕಾಯಿರಿ

ಕೆಲವರಿಗೆ ಕೋಡ್ ಸರಿಯಾದ ಮೇಲೂ ತಕ್ಷಣ ಬಾಗಿಲು ತೆರೆಯುವುದಿಲ್ಲ. ಕೆಲವು ಗಂಟೆ ಅಥವಾ ಕೆಲವು ದಿನ ಕಾಯಲು ಹೇಳಬಹುದು, ಎರಡು ಹಂತದ ಭದ್ರತೆ ಹಾಕಿರುವ ಖಾತೆಗಳಲ್ಲಿ ಇದು ಹೆಚ್ಚು. ಈ ಅವಧಿಯಲ್ಲಿ ನಿಜವಾದ ಮಾಲೀಕರಿಗೆ ಎಚ್ಚರಿಕೆ ಹೋಗಿ, ಬೇರೆಯವರು ಕೇಳುತ್ತಿದ್ದರೆ ತಡೆಯಲು ಸಮಯ ಸಿಗುತ್ತದೆ.

ಆ ದಿನಗಳಲ್ಲಿ ಮತ್ತೆ ಮತ್ತೆ ಹೊಸ ಅರ್ಜಿ ಹಾಕಬೇಡಿ. ಸಂಪರ್ಕಕ್ಕೆ ಕೊಟ್ಟ ಮೇಲ್‌ನ ಸ್ಪ್ಯಾಮ್ ಫೋಲ್ಡರನ್ನು ದಿನಕ್ಕೆ ಎರಡು ಸಲ ನೋಡಿ. ಲಿಂಕ್ ಬಂದರೆ ಅದನ್ನೂ ಅದೇ ಹಳೆಯ ಯಂತ್ರದಲ್ಲಿ, ಅದೇ ಮನೆಯ ವೈಫೈನಲ್ಲಿ ತೆರೆಯಿರಿ. ಲಿಂಕನ್ನು ಹೊಸ ಫೋನಿನಲ್ಲಿ ಆತುರದಿಂದ ಒತ್ತಿ ಮತ್ತೆ ಮೊದಲಿಗೆ ಬಂದವರನ್ನು ನೋಡಿದ್ದೇನೆ.

ಇದೇ ಹೊತ್ತಿನಲ್ಲಿ ಮೋಸಗಾರರೂ ಬರುತ್ತಾರೆ. ಗೂಗಲ್ ಖಾತೆ ಬಿಡಿಸಿಕೊಡುತ್ತೇವೆ ಅಂತ ಹಣ ಕೇಳುವವರು, ಫೋನಿನಲ್ಲಿ ಕೋಡ್ ಕೇಳುವವರು, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುವವರು ಯಾರೂ ಗೂಗಲ್‌ನವರಲ್ಲ. ಹಾಗೆ ಹಣ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

## ಸಾಧನ ಇಲ್ಲ, ಮನೆ ಮಾತ್ರ ಇದ್ದರೆ

ಹಳೆಯ ಫೋನ್ ಕಳ್ಳತನವಾಗಿದೆ, ಕಂಪ್ಯೂಟರ್ ಗುಜರಿಗೆ ಹೋಗಿದೆ. ಉಳಿದಿರುವುದು ಮನೆಯ ವೈಫೈ ಒಂದೇ. ಪ್ರಯತ್ನ ಮಾಡಬಹುದು, ಆದರೆ ವೈಫೈ ಒಂದರಿಂದಲೇ ಆಗುತ್ತದೆ ಅಂತ ನಾನು ಹೇಳಲಾರೆ. ಹಳೆಯ ಪಾಸ್‌ವರ್ಡ್ ಅಥವಾ ರಿಕವರಿ ಇಮೇಲ್ ಜೊತೆಗಿದ್ದರೆ ಮಾತ್ರ ಅದಕ್ಕೆ ಬಲ. ಹಾಗೆಯೇ ಸಾಧನ ಇದ್ದು ಬೇರೆ ಏನೂ ನೆನಪಿಲ್ಲದಿದ್ದರೂ ಕಷ್ಟ. ಸಾಧನ ಮತ್ತು ಜಾಗ ನಿಮ್ಮ ಉತ್ತರವನ್ನು ನಂಬುವಂತೆ ಮಾಡುತ್ತವೆ, ಉತ್ತರದ ಬದಲಿಗೆ ನಿಲ್ಲುವುದಿಲ್ಲ.

ಇನ್ನೊಂದು ಸಂದರ್ಭವಿದೆ. ಖಾತೆಯನ್ನು ಬೇರೆಯವರು ಕದ್ದು ರಿಕವರಿ ನಂಬರ್ ಬದಲಾಯಿಸಿದ್ದಾರೆ ಅಂತಿಟ್ಟುಕೊಳ್ಳಿ. ಬದಲಾದ ದಿನದಿಂದ 7 ದಿನದವರೆಗೆ ಹಳೆಯ ನಂಬರ್ ಅಥವಾ ಹಳೆಯ ಇಮೇಲ್‌ಗೇ ಕೋಡ್ ಕಳಿಸುವ ಆಯ್ಕೆಯನ್ನು ಗೂಗಲ್ ಕೊಡಬಹುದು. ಇಲ್ಲಿ ಮಾತ್ರ ಒಂದು ದಿನ ಬಿಡಿ ಅನ್ನುವ ಮಾತು ಸಲ್ಲದು. ಬದಲಾವಣೆಯ ಮೇಲ್ ಕಂಡ ತಕ್ಷಣ ಮನೆಗೆ ಹೋಗಿ ಹಳೆಯ ಸಾಧನದ ಮುಂದೆ ಕೂತುಕೊಳ್ಳಿ.

## ಹಂತ 8: ಒಳಗೆ ಹೋದ ಮೇಲೆ, ಅದೇ ಕುರ್ಚಿಯಲ್ಲಿ ಕೂತು

ಖಾತೆ ತೆರೆದ ಖುಷಿಗೆ ಎಲ್ಲರೂ ಹೊಸ ಫೋನ್ ಕೈಗೆತ್ತಿಕೊಳ್ಳುತ್ತಾರೆ. ಸ್ವಲ್ಪ ತಡೆಯಿರಿ. ರಿಕವರಿ ನಂಬರ್ ಬದಲಾಯಿಸುವಂಥ ಸೂಕ್ಷ್ಮ ಕೆಲಸಗಳನ್ನು ಹೊಸ ಸಾಧನದಲ್ಲಿ ಗೂಗಲ್ ತಡೆಯಬಹುದು. ಖಾತೆಯ ಜೊತೆ ಕನಿಷ್ಠ 7 ದಿನ ಇರುವ ಸಾಧನ ಬಳಸಿ ಅನ್ನುತ್ತದೆ. ಹಳೆಯ ಯಂತ್ರದಲ್ಲಿ ಆ ತಡೆ ಬರುವುದು ಕಡಿಮೆ, ಹಾಗಾಗಿ ಎಲ್ಲವನ್ನೂ ಅಲ್ಲೇ ಮುಗಿಸಿ.

`myaccount.google.com/security` ತೆರೆದು ಮೊದಲು ಈಗ ಬಳಸುತ್ತಿರುವ ನಂಬರನ್ನು ರಿಕವರಿಗೆ ಹಾಕಿ, ಸತ್ತ ನಂಬರನ್ನು ತೆಗೆಯಿರಿ. ನಂತರ ನಿಮ್ಮದೇ ಇನ್ನೊಂದು ಇಮೇಲ್ ಅಥವಾ ಮನೆಯವರ ಇಮೇಲ್ ಕೊಟ್ಟು, ಕೊಟ್ಟಿದ್ದೇನೆ ಅಂತ ಅವರಿಗೆ ಹೇಳಿ. ಎರಡು ಹಂತದ ಭದ್ರತೆ ಹಾಕಿದರೆ ಅದರ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಮನೆಯ ದಾಖಲೆಗಳ ಫೈಲಿನಲ್ಲಿಡಿ. ಫೋನಿನ ಗ್ಯಾಲರಿಯಲ್ಲಿ ಫೋಟೋ ಮಾಡಿ ಇಡುವುದರಿಂದ ಉಪಯೋಗವಿಲ್ಲ, ಫೋನ್ ಹೋದಾಗ ಅದೂ ಹೋಗುತ್ತದೆ.

ಖಾತೆ ಬೇರೆಯವರ ಕೈಗೆ ಸಿಕ್ಕಿತ್ತು ಅನ್ನುವ ಅನುಮಾನವಿದ್ದರೆ ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ `Forwarding and POP/IMAP` ಮತ್ತು `Filters and Blocked Addresses` ಎರಡನ್ನೂ ನೋಡಿ. ನಿಮಗೆ ಗೊತ್ತಿಲ್ಲದ ವಿಳಾಸಕ್ಕೆ ಮೇಲ್ ಹೋಗುತ್ತಿದ್ದರೆ ತೆಗೆದುಹಾಕಿ. ಪಾಸ್‌ವರ್ಡ್ ಬದಲಾಯಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

ಇಷ್ಟಾದ ಮೇಲೆ ಹೊಸ ಫೋನಿನಲ್ಲಿ ಲಾಗಿನ್ ಆಗಿ, ಅದೂ ಮನೆಯ ವೈಫೈನಲ್ಲೇ, ಹಳೆಯ ಯಂತ್ರ ಪಕ್ಕದಲ್ಲಿ ತೆರೆದಿರುವಾಗಲೇ. `myaccount.google.com/device-activity` ಪುಟದಲ್ಲಿ ಎರಡೂ ಸಾಧನಗಳು ಕಾಣಬೇಕು. ಗೊತ್ತಿಲ್ಲದ್ದೇನಾದರೂ ಇದ್ದರೆ ಅದನ್ನು ಆರಿಸಿ `Sign out` ಕೊಡಿ. ಹಳೆಯ ಕಂಪ್ಯೂಟರಿನಿಂದ ಮಾತ್ರ ಒಂದು ವಾರದವರೆಗೆ ಲಾಗ್ ಔಟ್ ಆಗಬೇಡಿ, ಗುಜರಿಗೂ ಕೊಡಬೇಡಿ. ಮಾವ ಇನ್ನೂ ಅದರಲ್ಲೇ ತಿಂಗಳಿಗೊಮ್ಮೆ ಮೇಲ್ ತೆರೆಯುತ್ತಾರೆ, ಗಡಿಯಾರದ ಬ್ಯಾಟರಿಯನ್ನೂ ಹಾಕಿಸಿದ್ದಾರೆ.